ನಿಘಂಟಿನಲ್ಲಿ ಎರಡು ಸ್ಪೆಲಿಂಗ್ ಇದ್ದರೆ ಯಾವುದನ್ನು ಹಿಡಿಯಬೇಕು?

ಧಾರವಾಡದಲ್ಲಿ ಭಾಷಾಂತರಕಾರರು, ಟೈಪಿಸ್ಟರು ಮತ್ತು ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೋರ್ಟಿನ ಕಾಗದಪತ್ರ ಟೈಪ್ ಮಾಡುವವರಿದ್ದೀರಿ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಭಾಷಾಂತರ ಮಾಡುವವರಿದ್ದೀರಿ. ಪಿಎಚ್.ಡಿ. ಪ್ರಬಂಧ ಬರೆಯುತ್ತಿರುವವರು, ಅದನ್ನು ಟೈಪ್ ಮಾಡಿಕೊಡುವ ಡಿಟಿಪಿ ಅಂಗಡಿಯವರು, ಕರಡು ತಿದ್ದುವವರು ಎಲ್ಲರೂ ಇದ್ದೀರಿ. ಕರಡು ತಿದ್ದುವ ಕೆಲಸದಲ್ಲಿ ನನಗೆ ಜಾಸ್ತಿ ಬರುವ ಪ್ರಶ್ನೆ ಒಂದೇ. "ಸರ್, ಡಿಕ್ಷನರಿಯೊಳಗ ಎರಡೂ ಅದಾವ್ರೀ. ಯಾವುದು ಹಾಕ್ಲಿ?"

ಇದಕ್ಕೆ ಪಕ್ಕದಲ್ಲಿ ಕೂತವರು ಕೊಡುವ ಉತ್ತರವೂ ಒಂದೇ. "ಮೊದಲ ಯಾವುದು ಐತಿ ಅದನ್ನ ಹಾಕಿಬಿಡು."

ಇವತ್ತು ನಾನು ಆ ಉತ್ತರದ ಬಗ್ಗೆಯೇ ಮಾತಾಡುತ್ತೇನೆ. ಮೊದಲು ಬರೆದ ರೂಪವನ್ನು ಹಿಡಿಯುವುದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನಿಘಂಟಿನ ನಮೂದಿನಲ್ಲಿ ನಮಗೆ ಸಿಗುವ ಸುಳಿವುಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಅದು. ಎರಡು ರೂಪಗಳ ನಡುವೆ ಯಾವ ಪದ ಇದೆ, ಪಕ್ಕದಲ್ಲಿ ಯಾವ ಗುರುತು ಇದೆ, ನಮೂದಿನ ಕೊನೆಯಲ್ಲಿ ಏನಾದರೂ ಟಿಪ್ಪಣಿ ಇದೆಯಾ, ಇವನ್ನೆಲ್ಲ ನೋಡಿಯಾದ ಮೇಲೆ, ಇವು ಯಾವುದೂ ಏನೂ ಹೇಳದೇ ಇದ್ದಾಗ ಮಾತ್ರ ಮೊದಲ ಸ್ಥಾನಕ್ಕೆ ಬೆಲೆ. ನಾವು ಮಾಡುತ್ತಿರುವುದು ಇದರ ಉಲ್ಟಾ. ಮೊದಲ ರೂಪ ಕಂಡ ಕೂಡಲೇ ಪುಸ್ತಕ ಮುಚ್ಚಿಬಿಡುತ್ತೇವೆ.

ಧಾರವಾಡಕ್ಕೆ ತೀರಾ ಹತ್ತಿರದ ಒಂದು ಪದವನ್ನೇ ತೆಗೆದುಕೊಳ್ಳೋಣ. 2008ರಲ್ಲಿ ಇಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅಂದಿನಿಂದ ಈ ಊರಿನ ಟೈಪಿಂಗ್ ಅಂಗಡಿಗಳಲ್ಲಿ ದಿನಕ್ಕೆ ಎಷ್ಟು ಸಲ ಟೈಪ್ ಆಗುತ್ತದೋ ಗೊತ್ತಿಲ್ಲದ ಪದ ಅದು: ಜಡ್ಜ್‌ಮೆಂಟ್. ಇದಕ್ಕೆ ಎರಡು ಸ್ಪೆಲಿಂಗ್ ಇವೆ. ಒಂದರಲ್ಲಿ ಜಿ ಆದ ಮೇಲೆ ಇ ಇದೆ, ಇನ್ನೊಂದರಲ್ಲಿ ಇಲ್ಲ. ಮೇಜಿನ ಮೇಲೆ ಎರಡು ನಿಘಂಟು ಇಟ್ಟುಕೊಳ್ಳಿ. ಒಂದು ಅಮೆರಿಕದ ಮೆರಿಯಮ್-ವೆಬ್‌ಸ್ಟರ್, ಇನ್ನೊಂದು ಇಂಗ್ಲೆಂಡಿನ ಆಕ್ಸ್‌ಫರ್ಡ್. ಅವುಗಳಲ್ಲಿ ನಮೂದು ಶುರುವಾಗುವುದು ಹೀಗೆ:

```
judgment or judgement
judgement (also judgment)
```

ಮೊದಲ ಸಾಲು ವೆಬ್‌ಸ್ಟರಿನದು, ಎರಡನೆಯದು ಆಕ್ಸ್‌ಫರ್ಡಿನದು. "ಮೊದಲು ಇದ್ದದ್ದನ್ನು ಹಾಕು" ಅಂದರೆ ಒಂದು ನಿಘಂಟಿನ ಪ್ರಕಾರ ಇ ಬಿಡಬೇಕು, ಇನ್ನೊಂದರ ಪ್ರಕಾರ ಇ ಹಾಕಬೇಕು. ಸಾಮಾನ್ಯವಾಗಿ ನಮ್ಮವರು ಇಲ್ಲಿ ಹೀಗೆ ಯೋಚಿಸುತ್ತಾರೆ: ನಮ್ಮದು ಬ್ರಿಟಿಷ್ ಇಂಗ್ಲಿಷ್, ಆದ್ದರಿಂದ ಆಕ್ಸ್‌ಫರ್ಡ್ ಹಿಡಿಯೋಣ, ಅದರಲ್ಲಿ ಮೊದಲು ಇರುವುದು ಇ ಇರುವ ರೂಪ, ಅದನ್ನೇ ಹಾಕೋಣ. ಕೇಳಲು ಸರಿಯಾಗಿಯೇ ಇದೆ ಅಲ್ವಾ? ಆದರೆ ಕೋರ್ಟಿನ ಕಾಗದಕ್ಕೆ ಅದು ಸರಿಯಾದ ಉತ್ತರ ಅಲ್ಲ. ಯಾಕೆ ಅಂತ ನಿಧಾನವಾಗಿ ನೋಡೋಣ.

ಮೊದಲು ವೆಬ್‌ಸ್ಟರಿನ ಸಾಲು. ಎರಡು ರೂಪಗಳ ನಡುವೆ or ಅಂತಿದೆ. ಇದು ಸುಮ್ನೆ ಬರೆದ ಪದ ಅಲ್ಲ. ವೆಬ್‌ಸ್ಟರಿನ ಕಾಲೇಜ್ ಆವೃತ್ತಿಯ ಮುಂಭಾಗದಲ್ಲಿ, ನಾವು ಯಾರೂ ಓದದ ಆ ಸಣ್ಣ ಅಕ್ಷರದ ಪುಟಗಳಲ್ಲಿ, ಇದರ ಅರ್ಥ ಕೊಟ್ಟಿದ್ದಾರೆ. or ಇದ್ದರೆ ಎರಡೂ ರೂಪಗಳು ಬಳಕೆಯಲ್ಲಿ ಸಮ ಅಥವಾ ಹತ್ತಿರಹತ್ತಿರ ಸಮ. also ಇದ್ದರೆ ಅದರ ನಂತರ ಬಂದ ರೂಪದ ಬಳಕೆ ಕಡಿಮೆ. ಅಂದರೆ also ಹಿಂದಿನದಕ್ಕೆ ಮೊದಲ ದರ್ಜೆ, ಮುಂದಿನದಕ್ಕೆ ಎರಡನೇ ದರ್ಜೆ. ಎರಡನೇ ದರ್ಜೆ ಅಂದರೆ ತಪ್ಪು ಅಂತಲ್ಲ. ತಪ್ಪಾಗಿದ್ದರೆ ಅದನ್ನು ಅಲ್ಲಿ ಹಾಕುತ್ತಲೇ ಇರಲಿಲ್ಲ. ಕಡಿಮೆ ಜನ ಬಳಸುತ್ತಾರೆ, ಅಷ್ಟೇ.

ಈಗ ಆನ್‌ಲೈನ್ ಆವೃತ್ತಿ ನೋಡುವವರಿಗೆ ಇದೇ ವಿಷಯ ಇನ್ನೂ ಬಿಡಿಸಿ ಕಾಣುತ್ತದೆ. ಎರಡನೇ ದರ್ಜೆಯ ರೂಪದ ಹಿಂದೆ or less commonly ಅಂತಲೇ ಬರೆದಿರುತ್ತಾರೆ.

ಹಾಗಾದರೆ or ಇದ್ದಾಗ ಯಾವುದು ಮೊದಲು ಬಂದಿದೆ ಎನ್ನುವುದಕ್ಕೆ ಅರ್ಥವೇ ಇಲ್ಲವೇ? ಇದೆ, ಆದರೆ ಎಲ್ಲ ಸಲವೂ ಅಲ್ಲ. ಅದನ್ನು ತಿಳಿಯಲು ಎ ಬಿ ಸಿ ಡಿ ಸಾಲನ್ನು ನೋಡಬೇಕು. ಇಬ್ಬರು ಸಮಾನರ ಹೆಸರು ಬರೆಯುವಾಗ ನಾವು ಅಕ್ಷರದ ಸಾಲು ಹಿಡಿಯುತ್ತೇವಲ್ಲ, ನಿಘಂಟೂ ಅದನ್ನೇ ಮಾಡುತ್ತದೆ. ಸಮ ರೂಪಗಳನ್ನು ಅಕ್ಷರದ ಸಾಲಿನಲ್ಲಿ ಇಡುತ್ತದೆ. ಆ ಸಾಲು ಮುರಿದು, ಹಿಂದೆ ಬರಬೇಕಾದದ್ದನ್ನು ಮುಂದೆ ಇಟ್ಟಿದ್ದರೆ, ಮುಂದೆ ಇಟ್ಟ ರೂಪದ ಬಳಕೆ ಸ್ವಲ್ಪ ಹೆಚ್ಚು ಎಂದು ಅರ್ಥ.

ವೆಬ್‌ಸ್ಟರಿನವರು ಇದಕ್ಕೆ ಕೊಡುವ ಉದಾಹರಣೆಗಳನ್ನೇ ತೆಗೆದುಕೊಳ್ಳಿ:

```
ocher or ochre
plow or plough
```

ಮೊದಲನೆಯದು ಕಾವಿಮಣ್ಣಿಗೆ ಹೇಳುವ ಪದ. ಎರಡೂ ರೂಪಗಳಲ್ಲಿ ಮೊದಲ ಮೂರು ಅಕ್ಷರ ಒಂದೇ. ನಾಲ್ಕನೆಯದು ಒಂದರಲ್ಲಿ ಇ, ಇನ್ನೊಂದರಲ್ಲಿ ಆರ್. ಇ ಮೊದಲು ಬರುವ ಅಕ್ಷರ. ಹಾಗಾಗಿ ಇ ಇರುವುದು ಮೊದಲು ಬಂದಿದೆ. ಇಲ್ಲಿ ಸಾಲು ಮುರಿದಿಲ್ಲ. ಮೊದಲು ಬಂದದ್ದಕ್ಕೆ ಯಾವ ಹೆಚ್ಚುಗಾರಿಕೆಯೂ ಇಲ್ಲ. "ಮೊದಲು ಇದೆ, ಅದಕ್ಕೇ ಹಾಕಿದೆ" ಅಂದರೆ ನೀವು ಅಕ್ಷರಮಾಲೆಯನ್ನು ಹಿಂಬಾಲಿಸಿದ್ದೀರಿ, ಬಳಕೆಯನ್ನಲ್ಲ.

ಎರಡನೆಯದು ನೇಗಿಲು. ನಾಲ್ಕನೇ ಅಕ್ಷರ ಒಂದರಲ್ಲಿ ಡಬ್ಲ್ಯೂ, ಇನ್ನೊಂದರಲ್ಲಿ ಯು. ಸಾಲಿನ ಪ್ರಕಾರ ಯು ಮೊದಲು ಬರಬೇಕಿತ್ತು. ಆದರೆ ಡಬ್ಲ್ಯೂ ಇರುವುದನ್ನು ಮುಂದೆ ಇಟ್ಟಿದ್ದಾರೆ. ಸಾಲು ಮುರಿದಿದೆ. ಅಮೆರಿಕದವರು ಮೊದಲನೆಯದನ್ನೇ ಸ್ವಲ್ಪ ಹೆಚ್ಚು ಬರೆಯುತ್ತಾರೆ ಎಂದು ನಿಘಂಟು ಇಲ್ಲಿ ಹೇಳುತ್ತಿದೆ.

ಈಗ ನಮ್ಮ ಪದಕ್ಕೆ ಬನ್ನಿ. ಜಿ ಆದ ಮೇಲೆ ಒಂದರಲ್ಲಿ ಇ, ಇನ್ನೊಂದರಲ್ಲಿ ಎಂ. ಸಾಲಿನ ಪ್ರಕಾರ ಇ ಇರುವುದೇ ಮೊದಲು ಬರಬೇಕು. ವೆಬ್‌ಸ್ಟರ್ ಇ ಇಲ್ಲದ್ದನ್ನು ಮುಂದೆ ಇಟ್ಟಿದೆ. ಅಲ್ಲಿಗೆ ಆ ಒಂದು ಸಾಲಿನಿಂದ ನಮಗೆ ಎರಡು ವಿಷಯ ಸಿಕ್ಕವು: ಅಮೆರಿಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಆದರೆ ಇ ಇಲ್ಲದ್ದರ ಕೈ ಸ್ವಲ್ಪ ಮೇಲು.

ಇನ್ನೊಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. also ಒಮ್ಮೆ ಬಂದ ಮೇಲೆ ಅದರ ಮುಂದೆ ಬರುವ or ಮೇಲಿನ ದರ್ಜೆಗೆ ಹತ್ತಿಸುವುದಿಲ್ಲ. ಶೇಕ್ಸ್‌ಪಿಯರನ ಹೆಸರಿನಿಂದ ಮಾಡಿದ ವಿಶೇಷಣಕ್ಕೆ ವೆಬ್‌ಸ್ಟರಿನಲ್ಲಿ ನಾಲ್ಕು ರೂಪಗಳಿವೆ. ಮೊದಲ ಎರಡರ ನಡುವೆ or, ಆಮೇಲೆ also, ಆಮೇಲೆ ಕೊನೆಯ ಎರಡರ ನಡುವೆ ಮತ್ತೆ or. ಕೊನೆಯ ಎರಡು ತಮ್ಮತಮ್ಮಲ್ಲಿ ಸಮ, ಮೊದಲ ಎರಡಕ್ಕೆ ಸಮ ಅಲ್ಲ. ಕಣ್ಣು ಕೊನೆಯ or ಮೇಲೆ ಮಾತ್ರ ಬಿದ್ದರೆ ಇದು ತಪ್ಪಿಹೋಗುತ್ತದೆ.

ಈಗ ಆಕ್ಸ್‌ಫರ್ಡ್. ಇಲ್ಲಿ ಮುಂದೆ ಇರುವುದು ಇ ಇರುವ ರೂಪ, ಕಂಸದೊಳಗೆ also ಜೊತೆ ಇ ಇಲ್ಲದ್ದು. ಇಲ್ಲಿಗೇ ಪುಸ್ತಕ ಮುಚ್ಚಿದರೆ ಇ ಹಾಕುತ್ತೀರಿ. ಆದರೆ ನಮೂದು ಇನ್ನೂ ಮುಗಿದಿಲ್ಲ. ಅರ್ಥಗಳೆಲ್ಲ ಮುಗಿದ ಮೇಲೆ, ಕೆಳಗೆ, ಬಳಕೆಯ ಟಿಪ್ಪಣಿ ಇದೆ. ಅದರ ಸಾರ ಇಷ್ಟು: ಬ್ರಿಟಿಷ್ ಇಂಗ್ಲಿಷಿನಲ್ಲಿ ಸಾಮಾನ್ಯ ಬರವಣಿಗೆಗೆ ಇ ಇರುವ ರೂಪ ರೂಢಿ, ಕಾನೂನಿನ ಸಂದರ್ಭದಲ್ಲಿ ಇ ಇಲ್ಲದ ರೂಪ ರೂಢಿ, ಅಮೆರಿಕದಲ್ಲಿ ಇ ಇಲ್ಲದ್ದೇ ರೂಢಿ.

ಅಂದರೆ ನಮೂದಿನ ತಲೆಯಲ್ಲಿ ಎರಡನೇ ಸ್ಥಾನದಲ್ಲಿದ್ದ ರೂಪ, ಕೋರ್ಟಿನ ಕಾಗದಕ್ಕೆ ಬಂದಾಗ ಅದೇ ನಿಘಂಟಿನ ಮಾತಿನಂತೆ ಮೊದಲ ಸ್ಥಾನಕ್ಕೆ ಬರುತ್ತದೆ. ನಾನು ಮೊದಲ ಸ್ಥಾನವನ್ನು ದುರ್ಬಲ ಸುಳಿವು ಅಂತ ಕರೆದದ್ದು ಇದಕ್ಕೇ. ನಮೂದಿನ ತಲೆಯಲ್ಲಿ ಇರುವುದು ಎಲ್ಲ ಬಗೆಯ ಬರವಣಿಗೆಯನ್ನೂ ಒಟ್ಟಿಗೆ ಗಮನದಲ್ಲಿಟ್ಟು ಹಾಕಿದ ಕ್ರಮ. ಟಿಪ್ಪಣಿ ಇರುವುದು ನಿಮ್ಮ ಕೈಯಲ್ಲಿರುವ ಕಾಗದಕ್ಕೆ. ಟಿಪ್ಪಣಿ ಇದ್ದಲ್ಲಿ ಅದರ ಮಾತೇ ನಡೆಯಬೇಕು.

ನಿಘಂಟು ಬಿಟ್ಟು ನಮ್ಮ ಕಾಯಿದೆಗಳನ್ನು ನೋಡಿದರೂ ಇದೇ ಗಟ್ಟಿಯಾಗುತ್ತದೆ. ಸಂವಿಧಾನದ 132ನೇ ಮತ್ತು 137ನೇ ಅನುಚ್ಛೇದದ ಇಂಗ್ಲಿಷ್ ಪಠ್ಯದಲ್ಲಿ ಇ ಇಲ್ಲದ ರೂಪವೇ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಕಲಮಿನ 9ನೇ ಉಪಕಲಮಿನಲ್ಲಿ ಈ ಪದಕ್ಕೆ ವ್ಯಾಖ್ಯೆಯನ್ನೇ ಕೊಟ್ಟಿದ್ದಾರೆ. ಡಿಕ್ರಿಗೆ ಅಥವಾ ಆದೇಶಕ್ಕೆ ನ್ಯಾಯಾಧೀಶರು ಕೊಡುವ ಆಧಾರಗಳ ಹೇಳಿಕೆ ಎಂಬುದು ಅದರ ಅರ್ಥ. ಅಲ್ಲೂ ಇ ಇಲ್ಲ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ತೀರ್ಪಿನ ಅಧ್ಯಾಯದ ತಲೆಬರಹದಲ್ಲೂ ಇಲ್ಲ. ಕಾಯಿದೆಯೇ ವ್ಯಾಖ್ಯೆ ಕೊಟ್ಟ ಪದವನ್ನು ನಾವು ಬೇರೆ ಸ್ಪೆಲಿಂಗಿನಲ್ಲಿ ಬರೆಯಲು ಯಾವ ಕಾರಣವೂ ಇಲ್ಲ.

ಆದರೆ ಅದೇ ಭಾಷಾಂತರಕಾರರು ಮರುದಿನ ಒಂದು ಕಾದಂಬರಿಯನ್ನು ಇಂಗ್ಲಿಷಿಗೆ ತರುತ್ತಿದ್ದಾರೆ ಅಂದುಕೊಳ್ಳಿ. ಅದರಲ್ಲಿ ಅಜ್ಜಿಯೊಬ್ಬಳ ವಿವೇಕದ ಬಗ್ಗೆ ಇದೇ ಪದ ಬರುತ್ತದೆ. ಪುಸ್ತಕ ಬ್ರಿಟಿಷ್ ಸ್ಪೆಲಿಂಗಿನಲ್ಲಿದೆ. ಅಲ್ಲಿ ಇ ಹಾಕುವುದೇ ಸರಿ. ಅದೇ ಕಾದಂಬರಿಯಲ್ಲಿ ಜಮೀನಿನ ಕೇಸಿನ ತೀರ್ಪು ಬಂದರೆ? ಇಲ್ಲಿ ಸಂಪಾದಕರಲ್ಲೇ ಎರಡು ಅಭಿಪ್ರಾಯ ಇವೆ. ಕೆಲವರು ತೀರ್ಪಿಗೆ ಇ ಬಿಡುತ್ತಾರೆ, ವಿವೇಕಕ್ಕೆ ಹಾಕುತ್ತಾರೆ. ಒಂದು ಪುಸ್ತಕದೊಳಗೆ ಒಂದೇ ರೂಪ ಇರಲಿ ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಕಾದಂಬರಿಯಲ್ಲಿ ಒಂದೇ ರೂಪ ಒಳ್ಳೆಯದು. ಕಾದಂಬರಿ ಓದುವವರು ಈ ಎರಡು ಅರ್ಥಗಳ ವ್ಯತ್ಯಾಸವನ್ನು ಸ್ಪೆಲಿಂಗಿನಲ್ಲಿ ಹುಡುಕುವುದಿಲ್ಲ. ಒಂದು ಪುಟದಲ್ಲಿ ಇ ಇದ್ದು ಇನ್ನೊಂದು ಪುಟದಲ್ಲಿ ಇಲ್ಲದಿದ್ದರೆ ಅವರಿಗೆ ಕಾಣುವುದು ಕರಡು ತಿದ್ದಿದವರ ಅಜಾಗ್ರತೆ ಮಾತ್ರ.

ಗುರುತುಗಳ ಬಗ್ಗೆ ಈಗ ಹೇಳುತ್ತೇನೆ. ಕೆಲವು ಕಡೆ or, also ಬದಲು ದೇಶದ ಹೆಸರು ಇರುತ್ತದೆ. ಆಕ್ಸ್‌ಫರ್ಡಿನಲ್ಲಿ ಪ್ರೋಗ್ರಾಂ ಎಂಬ ಪದ ಹುಡುಕಿ. ಮುಖ್ಯ ರೂಪ ಎರಡು ಎಂ ಮತ್ತು ಕೊನೆಗೆ ಇ ಇರುವ ಉದ್ದನೆಯದು, programme. ಕಂಸದಲ್ಲಿ US ಗುರುತಿನ ಜೊತೆ ಚಿಕ್ಕದು, program. ಇದು ಸುಲಭ. ಹುಬ್ಬಳ್ಳಿಯ ಕಾಲೇಜಿನ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಗೆ ಉದ್ದನೆಯದು. ಆದರೆ ಆ ಕಾರ್ಯಕ್ರಮ ಕಂಪ್ಯೂಟರ್ ಕೋಡ್ ಬರೆಯುವುದರ ಬಗ್ಗೆ ಇದ್ದರೆ? ಕಂಪ್ಯೂಟರಿನ ಅರ್ಥದಲ್ಲಿ ಬ್ರಿಟಿಷರೂ ಚಿಕ್ಕದನ್ನೇ ಬರೆಯುತ್ತಾರೆ. ಹಾಗಾಗಿ ಒಂದೇ ಆಮಂತ್ರಣದಲ್ಲಿ ಎರಡೂ ರೂಪ ಬಂದು, ಎರಡೂ ಸರಿಯಾಗಿರಬಹುದು. ಗುರುತು ಎಲ್ಲಿದೆ ನೋಡಿ. ಅದು ನಮೂದಿನ ತಲೆಯಲ್ಲಿದ್ದರೆ ಎಲ್ಲ ಅರ್ಥಕ್ಕೂ ಸಲ್ಲುತ್ತದೆ. ಒಂದು ಅರ್ಥದ ಸಂಖ್ಯೆ ಆದ ಮೇಲೆ ಬಂದಿದ್ದರೆ ಆ ಅರ್ಥಕ್ಕೆ ಮಾತ್ರ.

ವೆಬ್‌ಸ್ಟರಿನ ಒಳಗೆ ಬ್ರಿಟಿಷ್ ರೂಪವನ್ನು ಹುಡುಕಿದರೆ ಬಹಳ ಸಲ ಅರ್ಥವೇ ಸಿಗುವುದಿಲ್ಲ. chiefly British ಎಂಬ ಗುರುತು ಇದ್ದು, ಇದು ಇಂಥ ಪದದ ಇನ್ನೊಂದು ರೂಪ ಅಂತ ಹೇಳಿ ಬೇರೆ ಪುಟಕ್ಕೆ ಕಳಿಸುತ್ತದೆ. ಬಣ್ಣಕ್ಕೆ ಹೇಳುವ colour ಹಾಗೇ ಇದೆ. ಇದನ್ನು ಕಂಡು ನಮ್ಮ ಹುಡುಗರು "ಡಿಕ್ಷನರಿ ಇದನ್ನ ಒಪ್ಪಿಲ್ಲ" ಎನ್ನುತ್ತಾರೆ. ಹಾಗಲ್ಲ. ಆ ನಿಘಂಟು ಇರುವುದು ಅಮೆರಿಕದ ಓದುಗರಿಗೆ. ಅವರಿಗೆ ಅದು ಹೊರಗಿನ ರೂಪ. ನಮಗೆ ಅದೇ ಮನೆಯ ರೂಪ. ಗುರುತು ಹೇಳುವುದು ಎಲ್ಲಿ ಬಳಕೆ ಇದೆ ಅಂತ. ಸರಿತಪ್ಪಿನ ಮಾತು ಅದರಲ್ಲಿ ಇಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವ ವಿಷಯ: -ize ಮತ್ತು -ise. ಆಕ್ಸ್‌ಫರ್ಡ್ ತೆರೆದರೆ ಝಡ್ ಇರುವುದು ಮುಂದೆ, ಎಸ್ ಇರುವುದು also ಜೊತೆ ಕಂಸದಲ್ಲಿ. ಝಡ್ ಅಂದರೆ ಅಮೆರಿಕನ್ ಅಂತ ಶಾಲೆಯಿಂದ ಕಲಿತುಬಂದವರಿಗೆ ಇದನ್ನು ನೋಡಿ ಗಾಬರಿಯಾಗುತ್ತದೆ. ಇಂಗ್ಲೆಂಡಿನ ನಿಘಂಟೇ ಝಡ್ ಅನ್ನು ಮುಂದೆ ಇಟ್ಟಿದೆಯಲ್ಲ! ಇದು ಬಳಕೆಯ ಲೆಕ್ಕದಿಂದ ಬಂದ ಕ್ರಮ ಅಲ್ಲ. ಗ್ರೀಕ್ ಮೂಲದ ಈ ಪ್ರತ್ಯಯಕ್ಕೆ ಝಡ್ ಸರಿ ಎಂದು ಆಕ್ಸ್‌ಫರ್ಡ್ ಪ್ರಕಾಶನ ಮೊದಲಿನಿಂದ ಹಿಡಿದುಕೊಂಡು ಬಂದ ನಿಲುವು ಅದು. ಬ್ರಿಟನ್ನಿನ ಪತ್ರಿಕೆಗಳಲ್ಲಿ ಎಸ್ ಇರುವುದೇ ಹೆಚ್ಚು. ಭಾರತದಲ್ಲೂ ಹಾಗೇ. ಅಂದರೆ ಮೊದಲ ಸ್ಥಾನಕ್ಕೆ ಮೂರನೆಯ ಕಾರಣವೂ ಇರಬಹುದು. ಬಳಕೆ ಹೆಚ್ಚು ಅಂತ ಮುಂದೆ ಇಟ್ಟಿರಬಹುದು, ಅಕ್ಷರದ ಸಾಲು ಅಂತ ಇಟ್ಟಿರಬಹುದು, ಪ್ರಕಾಶಕರ ನಿಲುವು ಅಂತಲೂ ಇಟ್ಟಿರಬಹುದು. ಯಾವುದು ಅಂತ ತಿಳಿಯಲು ಮುಂಭಾಗದ ಆ ಸಣ್ಣ ಅಕ್ಷರದ ಪುಟಗಳನ್ನು ಒಮ್ಮೆಯಾದರೂ ಓದಲೇಬೇಕು.

ಇಲ್ಲಿ ಕೆಲಸ ಕೆಡುವುದು ಹೇಗೆ ಅಂತ ಡಿಟಿಪಿ ಮಾಡುವವರಿಗೆ ಚೆನ್ನಾಗಿ ಗೊತ್ತು. ಪ್ರಬಂಧ ಮುಗಿದಿರುತ್ತದೆ. ಮಾರ್ಗದರ್ಶಕರು "ಎಲ್ಲಾ ಕಡೆ ಝಡ್ ಮಾಡ್ರಿ" ಅಂದಿರುತ್ತಾರೆ. ಕೂಡಲೇ ಫೈಂಡ್-ರಿಪ್ಲೇಸ್ ತೆಗೆದು, ise ಇದ್ದಲ್ಲೆಲ್ಲ ize ಹಾಕಿಬಿಡುತ್ತಾರೆ. ಒಂದೇ ಏಟಿಗೆ ಇಡೀ ಪ್ರಬಂಧ ಹಾಳಾಗುತ್ತದೆ. ಯಾಕೆಂದರೆ ಈ ಮೂರು ಅಕ್ಷರ ಇರುವ ಪದಗಳೆಲ್ಲ ಆ ಪ್ರತ್ಯಯದವಲ್ಲ. exercise, supervise, compromise, ಇವಕ್ಕೆಲ್ಲ ಯಾವ ದೇಶದಲ್ಲೂ ಎಸ್ ಮಾತ್ರ. otherwise ಹಾಗೇ. raise ಹಾಗೇ. ಕೋರ್ಟಿನ ರಾಜಿ ಡಿಕ್ರಿಯಲ್ಲಿ ಕಾಂಪ್ರಮೈಸ್ ಪದಕ್ಕೆ ಝಡ್ ಬಿದ್ದರೆ ಅದು ಇನ್ನೊಂದು ರೂಪ ಅಲ್ಲ, ಬರೀ ತಪ್ಪು.

ಇದನ್ನು ಪತ್ತೆ ಮಾಡುವುದು ಸುಲಭ. ಬದಲಾಯಿಸುವ ಮೊದಲು ಪ್ರತಿ ಪದವನ್ನೂ ನಿಘಂಟಿನಲ್ಲಿ ನೋಡಿ. ಅಲ್ಲಿ ಎರಡು ರೂಪ ಕೊಟ್ಟಿದ್ದರೆ ಮಾತ್ರ ನಿಮಗೆ ಆಯ್ಕೆ ಇದೆ. ಒಂದೇ ಕೊಟ್ಟಿದ್ದರೆ ಇಲ್ಲ. ಮತ್ತೆ ಒಂದೇ ಸಲ ಎಲ್ಲ ಬದಲಾಯಿಸುವ ಗುಂಡಿ ಒತ್ತಬೇಡಿ. ಒಂದೊಂದೇ ಪದ ನೋಡುತ್ತಾ ಹೋಗಿ. ಇನ್ನೂರು ಪುಟದ ಪ್ರಬಂಧಕ್ಕೂ ಒಂದು ಮಧ್ಯಾಹ್ನ ಸಾಕು.

ಕನ್ನಡದ ಬಗ್ಗೆ ಹೇಳದೇ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. ಕನ್ನಡ ನಿಘಂಟುಗಳಲ್ಲಿ ಎರಡು ರೂಪ ಒಂದೇ ಸಾಲಿನಲ್ಲಿ ಬರುವುದಕ್ಕಿಂತ ಎರಡು ಬೇರೆ ಜಾಗದಲ್ಲಿ ಬರುವುದೇ ಹೆಚ್ಚು. ಅಕಾರಾದಿಯಲ್ಲಿ ಶಕಾರ ಮತ್ತು ಸಕಾರದ ನಡುವೆ ಎಷ್ಟೊಂದು ಪುಟ. ಹಾಗಾಗಿ ಶಾಲೆ ಒಂದು ಕಡೆ, ಸಾಲೆ ಇನ್ನೊಂದು ಕಡೆ. ಒಂದು ಕಡೆ ಅರ್ಥ ಬಿಡಿಸಿ ಬರೆದು, ಇನ್ನೊಂದು ಕಡೆ ಬರೀ "ನೋಡಿ" ಅಂತ ಹಾಕಿರುತ್ತಾರೆ. ಅರ್ಥ ಬಿಡಿಸಿದ ಜಾಗವೇ ಆ ನಿಘಂಟಿನ ಮುಖ್ಯ ರೂಪ ಅಂತ ತಿಳಿಯಬಹುದು.

ಆದರೆ ಅದು ಎಂಥ ನಿಘಂಟು ಅಂತ ಮೊದಲು ಕೇಳಿಕೊಳ್ಳಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಶಾಸನ ಮತ್ತು ಕಾವ್ಯಗಳಿಂದ ಉದಾಹರಣೆ ಎತ್ತಿಕೊಂಡು, ಪದದ ಚರಿತ್ರೆ ಹೇಳುವ ನಿಘಂಟು. ಅದರಲ್ಲಿ ಹಾಲು ಇರುವಂತೆ ಪಾಲ್ ಕೂಡ ಇರಬೇಕಾದದ್ದೇ. ಹಿಂದೊಮ್ಮೆ ಹೀಗೆ ಬರೆದಿದ್ದರು ಎಂಬುದಕ್ಕೆ ಅದು ಸಾಕ್ಷಿ. ಇವತ್ತಿನ ಪತ್ರದಲ್ಲಿ ಹೀಗೆ ಬರೆಯಿರಿ ಎಂಬ ಸಲಹೆ ಅಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ Tbh. ಎಂಬ ಗುರುತು ಪುಟಪುಟದಲ್ಲೂ ಸಿಗುತ್ತದೆ. ತದ್ಭವ ಎಂದು ಅದರ ಅರ್ಥ. ಇದನ್ನು "ಅಶುದ್ಧ" ಅಂತ ಓದುವವರಿದ್ದಾರೆ. ಅದು ತಪ್ಪು ಓದು. ಪದ ಎಲ್ಲಿಂದ ಬಂತು, ಬಾಯಲ್ಲಿ ಹೇಗೆ ಬದಲಾಯಿತು ಅಂತಷ್ಟೇ ಆ ಗುರುತು ಹೇಳುತ್ತದೆ. ನಮ್ಮ ಕಡೆಯ ಮಕ್ಕಳು "ಸಾಲಿಗೆ ಹೊಂಟೀನಿ" ಎನ್ನುತ್ತಾರೆ. ಕಥೆಯ ಮಾತುಕತೆಯಲ್ಲಿ ಅದನ್ನು ಹಾಗೇ ಬರೆಯಿರಿ. ಸರ್ಕಾರಿ ಅರ್ಜಿಯಲ್ಲಿ ಶಾಲೆ ಅನ್ನಿ.

ಇನ್ನು ತತ್ತ್ವ ಮತ್ತು ತತ್ವ. ಪ್ರಬಂಧಗಳಲ್ಲಿ ಜಾಸ್ತಿ ಜಗಳ ಆಗುವುದು ಈ ಪದಕ್ಕೆ. ತತ್ ಎಂಬುದಕ್ಕೆ ತ್ವ ಎಂಬ ಪ್ರತ್ಯಯ ಸೇರಿ ಆದದ್ದು. ತತ್‌ನಲ್ಲಿ ಒಂದು ತ, ಪ್ರತ್ಯಯದಲ್ಲಿ ಒಂದು ತ, ಅದರ ಜೊತೆಗೆ ವ. ಬಿಡಿಸಿ ನೋಡಿದರೆ ತತ್ತ್ವ ಎಂಬುದೇ ಪೂರ್ಣ ರೂಪ. ಉಚ್ಚರಿಸುವಾಗ ಎರಡು ತಕಾರ ಒಂದಾಗಿ ಕೇಳುವುದರಿಂದ ತತ್ವ ಎಂದು ಬರೆಯುವುದು ಬಹಳ ಹಿಂದಿನಿಂದ ರೂಢಿಯಲ್ಲಿದೆ. ಪತ್ರಿಕೆಗಳಲ್ಲಿ ತತ್ವ ಹೆಚ್ಚು. ದರ್ಶನಶಾಸ್ತ್ರದ ಪುಸ್ತಕಗಳಲ್ಲಿ ತತ್ತ್ವ ಹೆಚ್ಚು. ಎರಡರಲ್ಲಿ ಯಾವುದನ್ನು ಹಿಡಿದರೂ ನಿಮ್ಮನ್ನು ಯಾರೂ ತಪ್ಪು ಅನ್ನುವಂತಿಲ್ಲ.

ಆದರೆ ಹಿಡಿದ ಮೇಲೆ ಅದು ಒಂದು ಪದಕ್ಕೆ ನಿಲ್ಲುವುದಿಲ್ಲ. ತತ್ತ್ವ ಎಂದು ಬರೆಯುವವರು ಮಹತ್ತ್ವ ಎಂದೇ ಬರೆಯಬೇಕು. ಅದೂ ಮಹತ್ ಎಂಬುದಕ್ಕೆ ತ್ವ ಸೇರಿದ್ದು. ತತ್ತ್ವ ಅಂತ ಬರೆದು ಮುಂದಿನ ಸಾಲಿನಲ್ಲೇ ಮಹತ್ವ ಅಂತ ಬರೆದರೆ, ಒಂದು ಕಡೆ ಬಿಡಿಸಿ ನೋಡಿದ್ದಾರೆ, ಇನ್ನೊಂದು ಕಡೆ ನೋಡಿಲ್ಲ ಅಂತ ಗೊತ್ತಾಗುತ್ತದೆ. ಮತ್ತೆ ಇಲ್ಲೂ ಆ ಝಡ್ ರೋಗವೇ ಹತ್ತುತ್ತದೆ. ಕೆಲವರು ಉತ್ಸಾಹದಲ್ಲಿ ವ್ಯಕ್ತಿತ್ವಕ್ಕೂ ಇನ್ನೊಂದು ತ ಸೇರಿಸುತ್ತಾರೆ. ವ್ಯಕ್ತಿ ಎಂಬುದಕ್ಕೆ ತ್ವ ಸೇರಿದರೆ ತಕಾರ ಒಂದೇ. ಅಲ್ಲಿ ಎರಡನೆಯದಕ್ಕೆ ಜಾಗವೇ ಇಲ್ಲ. ನಾಯಕತ್ವ, ಬಂಧುತ್ವ, ಎಲ್ಲವೂ ಹಾಗೇ. ಪದದ ಕೊನೆಯಲ್ಲಿ ತ್ ಮೊದಲೇ ಇದ್ದಲ್ಲಿ ಮಾತ್ರ ಈ ಎರಡು ರೂಪದ ಪ್ರಶ್ನೆ ಹುಟ್ಟುತ್ತದೆ.

ಹೆಸರುಗಳ ವಿಷಯದಲ್ಲಿ ನಿಘಂಟನ್ನು ಕೇಳಲೇಬೇಡಿ. ನಮ್ಮ ಹಳ್ಳಿಗಳಲ್ಲಿ ಪಂಚಾಯ್ತಿ ಅನ್ನುತ್ತಾರೆ, ಪಂಚಾಯತಿ ಅನ್ನುತ್ತಾರೆ, ಪಂಚಾಯಿತಿ ಅಂತ ಬರೆಯುವವರೂ ಇದ್ದಾರೆ. ಆದರೆ 1993ರ ಕಾಯಿದೆಯ ಹೆಸರು ಬರೆಯುವಾಗ ಅದರಲ್ಲಿರುವುದು ಪಂಚಾಯತ್ ರಾಜ್. ಅಲ್ಲಿ ಆ ರೂಪವೇ ಬರಬೇಕು. ಹಾವೇರಿ ಜಿಲ್ಲೆಯ ಒಂದು ಗ್ರಾಮದ ಬಗ್ಗೆ ಬರೆಯುವಾಗ ನಿಮ್ಮ ಮಾತಿನಲ್ಲಿ ಪಂಚಾಯತಿ ಅಂತಿರಲಿ, ಅಡ್ಡಿಯಿಲ್ಲ. ಕಾಯಿದೆ, ಸಂಸ್ಥೆ, ವ್ಯಕ್ತಿ, ಇವರ ಹೆಸರು ಅವರು ಬರೆದುಕೊಂಡಂತೆ ಇರಬೇಕು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಅಕ್ಕಾರು ಕೇಳಿದರು: "ಎರಡೂ ಡಿಕ್ಷನರಿ ಬ್ಯಾರೆ ಬ್ಯಾರೆ ಹೇಳಿದ್ರ, ಟಿಪ್ಪಣಿನೂ ಇಲ್ಲ, ಗುರುತೂ ಇಲ್ಲ ಅಂದ್ರ ಏನ್ ಮಾಡೋದ್ರೀ?" ಆಗ ಒಂದೇ ದಾರಿ. ಕೆಲಸ ಶುರು ಮಾಡುವ ಮೊದಲೇ ಒಂದು ನಿಘಂಟನ್ನು ಆರಿಸಿಕೊಳ್ಳಿ. ಅದರ ಹೆಸರು, ಯಾವ ಆವೃತ್ತಿ, ಎರಡನ್ನೂ ಒಂದು ಹಾಳೆಯ ಮೇಲೆ ಬರೆದಿಡಿ. ಎರಡು ರೂಪದ ಪದ ಸಿಕ್ಕಾಗಲೆಲ್ಲ ನೀವು ಹಿಡಿದ ರೂಪವನ್ನು ಅದೇ ಹಾಳೆಯಲ್ಲಿ ಸೇರಿಸುತ್ತಾ ಹೋಗಿ, ಪಕ್ಕದಲ್ಲಿ ಕಾರಣ ಒಂದೆರಡು ಪದದಲ್ಲಿ ಇರಲಿ: "ಕಾಯಿದೆ", "ಟಿಪ್ಪಣಿ", "ಮೊದಲ ರೂಪ" ಅಂತ. ಬೇರೇನೂ ಸುಳಿವು ಇಲ್ಲದಾಗ ಮೊದಲ ರೂಪ ಹಿಡಿಯುವುದರಲ್ಲಿ ತಪ್ಪಿಲ್ಲ. ಆಮೇಲೆ ನಡುವೆ ಬದಲಾಯಿಸಬೇಡಿ, ಅಷ್ಟೇ. ಸ್ಪೆಲ್‌ಚೆಕ್ ಈ ಕೆಲಸ ಮಾಡಿಕೊಡುವುದಿಲ್ಲ. ಎರಡೂ ರೂಪ ಅದರ ಪಟ್ಟಿಯಲ್ಲಿದ್ದರೆ ಯಾವುದರ ಕೆಳಗೂ ಕೆಂಪು ಗೆರೆ ಬೀಳುವುದಿಲ್ಲ. ನೀವು ಮೂರನೇ ಪುಟದಲ್ಲಿ ಒಂದು, ಮೂವತ್ತನೇ ಪುಟದಲ್ಲಿ ಇನ್ನೊಂದು ಹಾಕಿದ್ದು ಅದಕ್ಕೆ ಗೊತ್ತಾಗುವುದೇ ಇಲ್ಲ. ಕೊನೆಗೆ ಒಮ್ಮೆ, ನೀವು ಬಿಟ್ಟ ರೂಪವನ್ನು ಫೈಂಡ್‌ನಲ್ಲಿ ಹಾಕಿ ಹುಡುಕಿ. ಸೊನ್ನೆ ಬಂದರೆ ಸರಿಯಾಗಿದೆ. ಬರದಿದ್ದರೆ ಒಂದೊಂದಾಗಿ ನೋಡಿ.

ಇನ್ನೊಬ್ಬ ಯುವ ವಕೀಲರ ಪ್ರಶ್ನೆ: "ಹಳೇ ತೀರ್ಪಿನ ಸಾಲು ಎತ್ತಿ ಹಾಕುವಾಗ ಅದರೊಳಗ ಇ ಇದ್ರ ತಗೀಬೇಕೇನ್ರಿ ಸರ್?" ಬೇಡ. ಉದ್ಧರಣ ಚಿಹ್ನೆಯ ಒಳಗಿನದು ನಿಮ್ಮ ಬರಹ ಅಲ್ಲ. ಮೂಲದಲ್ಲಿ ಹೇಗಿದೆಯೋ ಹಾಗೇ ಇರಲಿ. ನಾನು ಮೇಲೆ ಹೇಳಿದ ಫೈಂಡ್ ಹುಡುಕಾಟದಲ್ಲಿ ಸೊನ್ನೆ ಬರದೇ ಇರಲು ಇದೂ ಒಂದು ಕಾರಣ ಆಗಬಹುದು, ಅದಕ್ಕೇ ಒಂದೊಂದಾಗಿ ನೋಡಿ ಅಂದೆ. ಜೊತೆಗೆ, ತೀರ್ಪುಗಳನ್ನು ಕಂಪ್ಯೂಟರಿನಲ್ಲಿ ಹುಡುಕುವಾಗ ಒಂದೇ ಸ್ಪೆಲಿಂಗ್ ಹಾಕಿ ಬಿಡಬೇಡಿ. ಕೆಲವು ಹುಡುಕಾಟದ ಪೆಟ್ಟಿಗೆಗಳು ಅಕ್ಷರಕ್ಕೆ ಅಕ್ಷರ ಹೊಂದಿದ್ದನ್ನು ಮಾತ್ರ ತೋರಿಸುತ್ತವೆ. ಇ ಹಾಕಿ ಒಮ್ಮೆ, ಬಿಟ್ಟು ಒಮ್ಮೆ ಹುಡುಕಿ. ಕನ್ನಡದಲ್ಲಾದರೆ ತತ್ತ್ವ ಒಮ್ಮೆ, ತತ್ವ ಒಮ್ಮೆ.